ಬೆಲೆ ಏರಿದರೆ ಎಲ್ಲರೂ ಬಡವರಾಗುತ್ತಾರೆಯೇ? – ತಮ್ಮನಿಗೊಂದು ಪತ್ರ

(ನನ್ನ ಚಿಕ್ಕಪ್ಪನ ಮಗ ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದಲ್ಲಿದ್ದಾನೆ. ‘ಬೆಲೆ ಏರಿಕೆ’ ಪಾಠದ ನಡುವೆ ಮಕ್ಕಳು ಹೇಳಿದ ಮಾತಿನಿಂದ ಗೊಂದಲಕ್ಕೆ ಬಿದ್ದು ನನಗೆ ಬರೆದಿದ್ದ. ಅವನಿಗೆ ಬರೆದ ಉತ್ತರವಿದು. ಇದೇ ಪಾಠ ಮಾಡಲಿರುವ ಇತರ ಪ್ರಶಿಕ್ಷಣಾರ್ಥಿಗಳಿಗೂ ಉಪಯೋಗವಾದೀತೆಂದು ಅವನ ಒಪ್ಪಿಗೆ ಪಡೆದು ಕೊಟ್ಟಿದ್ದೇನೆ.)

ಚಿ. ಮಂಜುವಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ನಿನ್ನ ಪಾಠಯೋಜನೆಯ ಪ್ರತಿ, ಅದರೊಳಗೆ ಮಡಿಸಿಟ್ಟಿದ್ದ ಚೀಟಿ ಎರಡೂ ಸೇರಿದವು. ಯೋಜನೆ ಅಚ್ಚುಕಟ್ಟಾಗಿದೆ. ಆದರೆ ಕಪ್ಪುಹಲಗೆ ಕೆಲಸದ ಅಂಕಣದಲ್ಲಿ ನೀನು ದಪ್ಪಕ್ಷರದಲ್ಲಿ ಬರೆದಿರುವ ವಾಕ್ಯವೇ ಎಲ್ಲ ತೊಂದರೆಗೂ ಮೂಲ: ‘ಬೆಲೆ ಏರಿದಾಗ ಹಣದ ಮೌಲ್ಯ ಕುಸಿದು ಜನರೆಲ್ಲರೂ ಬಡವರಾಗುತ್ತಾರೆ.’ ಮೊದಲರ್ಧ ಸರಿ. ಎರಡನೆಯ ಅರ್ಧವನ್ನು ನಿನ್ನ ತರಗತಿಯ ಹುಡುಗಿಯೇ ಒಡೆದು ಹಾಕಿದಳಲ್ಲ!

ನೀನು ಬರೆದಂತೆ ಆ ಹುಡುಗಿ ಎದ್ದು ನಿಂತು, ‘ಸಾರ್, ಟೊಮೇಟೊ ರೇಟು ಏರಿದ ವರ್ಷ ನಮ್ಮಪ್ಪ ಸೊಸೈಟಿ ಸಾಲ ಪೂರ್ತಿ ತೀರಿಸಿದರು, ನಾವು ಬಡವರಾಗಲಿಲ್ಲ’ ಅಂದಳು. ಹಿಂದಿನ ಬೆಂಚಿನ ಹುಡುಗ, ‘ನಮ್ಮ ತೋಟಕ್ಕೆ ರೋಗ ಬಿತ್ತು ಸಾರ್, ರೇಟು ಇತ್ತು, ಹಣ್ಣೇ ಇರಲಿಲ್ಲ’ ಅಂದ. ಮೂರನೆಯವಳು, ಕೂಲಿ ಮಾಡುವವರ ಮಗಳು, ಆ ತಿಂಗಳು ಮನೆಯಲ್ಲಿ ಸಾರಿಗೆ ಬರೀ ಹುಣಿಸೆಹಣ್ಣು ಹಾಕುತ್ತಿದ್ದರೆಂದು ಹೇಳಿದಳು. ನೀನು ‘ಸರಿ, ಸರಿ, ಕುಳಿತುಕೊಳ್ಳಿ’ ಎಂದು ಚಾರ್ಟ್ ತೋರಿಸಲು ಹೋದೆ. ವೀಕ್ಷಣೆಗೆ ಬಂದಿದ್ದ ಮೇಷ್ಟ್ರು ಟಿಪ್ಪಣಿ ಪುಸ್ತಕದಲ್ಲಿ ಏನು ಬರೆದುಕೊಂಡರೋ ಎಂಬುದೇ ನಿನ್ನ ಚಿಂತೆ. ನನ್ನ ಚಿಂತೆ ಬೇರೆ. ನೀನು ಕುಳಿತುಕೊಳ್ಳಲು ಹೇಳಿದ ಆ ಮೂವರ ಮಾತಿನಲ್ಲೇ ಇಡೀ ಪಾಠ ಇತ್ತು. ಅದನ್ನು ಬಿಡಿಸಿ ಹೇಳಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ ವರ್ಷದ ಕಥೆ ನೆನಪು ಮಾಡಿಕೊ. 2023ರ ಬೇಸಿಗೆಯ ಹೊತ್ತಿಗೆ ಟೊಮೇಟೊಗೆ ಬೆಲೆಯೇ ಇರಲಿಲ್ಲ. ಬೆಳೆದವರು ಬೇಸತ್ತು ಮುಂದಿನ ನಾಟಿ ಕಡಿಮೆ ಮಾಡಿದ್ದರು. ಅದರ ಮೇಲೆ ಬಿಸಿಲು ಹೆಚ್ಚಾಯಿತು. ಬಿಳಿನೊಣ ಹರಡುವ ಎಲೆಮುರುಟು ರೋಗ ತೋಟಗಳನ್ನು ಹಿಡಿಯಿತು. ಜುಲೈ ಹೊತ್ತಿಗೆ ಕೋಲಾರ ಎ.ಪಿ.ಎಂ.ಸಿ.ಯಲ್ಲಿ 15 ಕಿಲೋದ ಒಂದು ಬಾಕ್ಸು 2,000 ರೂಪಾಯಿ ದಾಟಿ ಹರಾಜಾಯಿತು. ಅಂಗಡಿಯಲ್ಲಿ ಕಿಲೋಗೆ ನೂರು ರೂಪಾಯಿ ಮೀರಿತು. ನಾಟಿ ಮಾಡಿದ ಟೊಮೇಟೊ ಮೊದಲ ಕೊಯ್ಲಿಗೆ ಬರಲು ಎರಡು ತಿಂಗಳಿಗೂ ಹೆಚ್ಚು ಬೇಕು. ಹಾಗಾಗಿ ಬೆಲೆ ಎಷ್ಟೇ ಏರಿದರೂ ಮರುದಿನವೇ ಮಂಡಿಗೆ ಹಣ್ಣು ಬರುವುದಿಲ್ಲ. ಆ ಬೆಲೆ ಕಂಡು ಎಲ್ಲರೂ ನಾಟಿ ಮಾಡಿದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಮತ್ತೆ ನೆಲಕ್ಕಿಳಿಯಿತು.

ಈಗ ನಿನ್ನ ವಿದ್ಯಾರ್ಥಿನಿಯ ಅಪ್ಪನ ಲೆಕ್ಕ ಹಾಕೋಣ. ಅವರ ಮನೆಯ ನಿಜವಾದ ಅಂಕಿ ನನಗೆ ಗೊತ್ತಿಲ್ಲ, ನೀನೂ ತರಗತಿಯಲ್ಲಿ ಕೇಳಬೇಡ. ಲೆಕ್ಕಕ್ಕೆಂದು ಒಂದು ಎಕರೆ ಇಟ್ಟುಕೊ. ಸಾಧಾರಣ ವರ್ಷದಲ್ಲಿ 2,000 ಬಾಕ್ಸು, ಬಾಕ್ಸಿಗೆ 200 ರೂಪಾಯಿ ಅಂದರೆ 4 ಲಕ್ಷ. ಸಸಿ, ಕಡ್ಡಿ, ದಾರ, ಗೊಬ್ಬರ, ಔಷಧಿ, ಕೂಲಿ ಸೇರಿ ಖರ್ಚು ಎರಡೂವರೆ ಲಕ್ಷ. ಉಳಿದದ್ದು ಒಂದೂವರೆ ಲಕ್ಷ. ರೋಗದ ವರ್ಷದಲ್ಲಿ ಅವರಿಗೆ ಸಿಕ್ಕಿದ್ದು 700 ಬಾಕ್ಸು ಮಾತ್ರ ಎನ್ನೋಣ. ಸರಾಸರಿ 1,200 ರೂಪಾಯಿಗೆ ಹೋದರೂ 8 ಲಕ್ಷ 40 ಸಾವಿರ. ಖರ್ಚು ಕಳೆದರೆ ಸುಮಾರು 6 ಲಕ್ಷ. ಹಣ್ಣು ಮೂರನೇ ಒಂದು ಭಾಗಕ್ಕೆ ಇಳಿದರೂ ಮನೆಗೆ ಬಂದ ಹಣ ನಾಲ್ಕು ಪಟ್ಟಾಯಿತು. ಹಿಂದಿನ ಬೆಂಚಿನ ಹುಡುಗನ ಅಪ್ಪನಿಗೆ ಅದೇ ಖರ್ಚು, ಅದೇ ಮಾರುಕಟ್ಟೆ, ಅದೇ ಬೆಲೆ. ಬಾಕ್ಸು ಮಾತ್ರ ಸೊನ್ನೆ. ಎರಡೂವರೆ ಲಕ್ಷ ಕೈಬಿಟ್ಟಿತು. ಒಂದೇ ಊರು, ಒಂದೇ ಬೆಳೆ. ಆದ್ದರಿಂದ ‘ಬೆಲೆ ಏರಿದರೆ ರೈತರಿಗೆ ಲಾಭ’ ಎಂದು ನಿನ್ನ ವಾಕ್ಯವನ್ನು ತಿದ್ದಿಕೊಂಡರೂ ಅದು ತಪ್ಪೇ. ಬೆಲೆ ಏರಿದ ಹೊತ್ತಿನಲ್ಲಿ ಮಾರಲು ಸರಕು ಕೈಯಲ್ಲಿದ್ದವರಿಗೆ ಲಾಭ, ಅಷ್ಟೆ.

ಈ ಲೆಕ್ಕದ ಜೊತೆ ಮಕ್ಕಳ ಮುಂದೆ ಇಡಬೇಕಾದ ಪ್ರಶ್ನೆ ಒಂದಿದೆ: ಅಂಗಡಿಯಲ್ಲಿ ನಾವು ಹೆಚ್ಚಾಗಿ ಕೊಟ್ಟ ಹಣ ಎಲ್ಲಿಗೆ ಹೋಯಿತು? ಸುಟ್ಟುಹೋಗಲಿಲ್ಲ. ಅಂಗಡಿಯವನಿಗೆ, ಲಾರಿಯವನಿಗೆ, ಮಂಡಿಯವನಿಗೆ, ಬೆಳೆದವನಿಗೆ ಹಂಚಿಹೋಯಿತು. ಕೊಟ್ಟ ಪ್ರತಿ ರೂಪಾಯಿಯೂ ಇನ್ನೊಬ್ಬರಿಗೆ ಬಂದ ರೂಪಾಯಿ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ ಎಂಬುದನ್ನು ನೀನು ರಾಷ್ಟ್ರೀಯ ಆದಾಯದ ಪಾಠದಲ್ಲಿ ಬಾಯಿಪಾಠ ಮಾಡಿಸುತ್ತೀಯ. ಎರಡು ವಾರ ಕಳೆದು ಬೆಲೆ ಏರಿಕೆಯ ಪಾಠಕ್ಕೆ ಬಂದಾಗ ಮರೆತೇಬಿಡುತ್ತೀಯ! (ನೀನೊಬ್ಬನೇ ಅಲ್ಲ, ಎಷ್ಟೋ ವರ್ಷ ಪಾಠ ಹೇಳಿದವರೂ ಮರೆಯುತ್ತಾರೆ. ನನ್ನ ಹಳೆಯ ಪಾಠಯೋಜನೆಗಳನ್ನು ನಿನಗೆ ತೋರಿಸಲು ನನಗೇ ನಾಚಿಕೆ.)

ಹಾಗಾದರೆ ಆ ಜುಲೈಯಲ್ಲಿ ಯಾರಿಗೂ ಒಟ್ಟಾರೆ ನಷ್ಟವೇ ಆಗಲಿಲ್ಲವೇ? ಆಯಿತು. ಆದರೆ ಅದು ಎಲ್ಲಿ ಆಯಿತೆಂದು ಸರಿಯಾಗಿ ಬೆರಳಿಟ್ಟು ತೋರಿಸಬೇಕು. ಇಲ್ಲಿ ಒಂದು ಪುಟ್ಟ ಲೆಕ್ಕವನ್ನು ಹಲಗೆಯ ಮೇಲೆ ಮಾಡು. ಒಂದು ಊರಿನಲ್ಲಿ 100 ಮೂಟೆ ರಾಗಿ ಬೆಳೆಯುತ್ತದೆ, ಊರವರೇ ಅದನ್ನು ಕೊಂಡು ಉಣ್ಣುತ್ತಾರೆ. ಕಿಲೋಗೆ 30 ರೂಪಾಯಿ ಇದ್ದದ್ದು 33 ಆಯಿತು; ಅದೇ ಹೊತ್ತಿಗೆ ಕೂಲಿ, ಸಂಬಳ, ಬಾಡಿಗೆ ಎಲ್ಲವೂ ನೂರಕ್ಕೆ ಹತ್ತರಂತೆ ಏರಿದವು. ಊರು ಬಡವಾಯಿತೇ? 100 ಮೂಟೆ ಇತ್ತು, 100 ಮೂಟೆಯೇ ಇದೆ. ನೋಟಿನ ಲೆಕ್ಕ ಬದಲಾಯಿತು, ತಟ್ಟೆಯಲ್ಲಿನ ಮುದ್ದೆ ಬದಲಾಗಲಿಲ್ಲ. ಎರಡನೆಯ ಊರಿನಲ್ಲಿ ಮಳೆ ಕೈಕೊಟ್ಟು 90 ಮೂಟೆ ಬೆಳೆಯಿತು. ಪಂಚಾಯಿತಿಯವರು ಸೇರಿ ಬೆಲೆಯನ್ನು 30 ರೂಪಾಯಿಗೇ ಕಟ್ಟಿಹಾಕಿದರು. ಬೆಲೆ ಏರಲಿಲ್ಲ, ಆದರೂ ಊರು 10 ಮೂಟೆಯಷ್ಟು ಬಡವಾಯಿತು. ಮೊದಲು ಬಂದವರಿಗೆ ರಾಗಿ ಸಿಕ್ಕಿತು, ಕೊನೆಗೆ ಬಂದವರು ಖಾಲಿ ಚೀಲ ಹಿಡಿದು ಹೋದರು.

ಎರಡು ಊರನ್ನೂ ಪಕ್ಕಪಕ್ಕ ಬರೆದರೆ ಮಕ್ಕಳೇ ಹೇಳುತ್ತಾರೆ. ಊರನ್ನು ಬಡವಾಗಿಸುವುದು ಸರಕಿನ ಕೊರತೆ. ಆ ಕೊರತೆಯ ಹೊರೆ ಯಾರ ತಲೆಯ ಮೇಲೆ ಎಷ್ಟು ಬೀಳಬೇಕೆಂದು ಹಂಚುವ ಕೆಲಸ ಬೆಲೆಯದು. 2023ರಲ್ಲಿ ಹಣ್ಣು ನಿಜವಾಗಿಯೂ ಕಡಿಮೆ ಇತ್ತು. ಆ ಕೊರತೆಯ ದೊಡ್ಡ ಪಾಲು ಬಿದ್ದದ್ದು ರೋಗ ಹೊಕ್ಕ ತೋಟದವರ ಮೇಲೆ ಮತ್ತು ಹುಣಿಸೆಹಣ್ಣಿನ ಸಾರು ಕುಡಿದವರ ಮೇಲೆ. ಹಣ್ಣು ಉಳಿಸಿಕೊಂಡವರಿಗೆ ಅದೇ ಕೊರತೆ ಲಾಭವಾಗಿ ಬಂತು. ನಿನ್ನ ಮೂವರು ವಿದ್ಯಾರ್ಥಿಗಳೂ ಹೇಳಿದ್ದು ನಿಜ; ಮೂವರೂ ಒಂದೇ ಸಂಗತಿಯ ಮೂರು ಮೂಲೆಗಳಲ್ಲಿ ನಿಂತಿದ್ದರು.

ಇದಕ್ಕೊಂದು ಅಪವಾದವನ್ನೂ ಹೇಳಿಬಿಡು. ಬೆಲೆ ಏರಿದ ಸರಕು ಹೊರದೇಶದಿಂದ ಬರುವಂಥದ್ದಾದರೆ, ಹೆಚ್ಚಾಗಿ ಕೊಟ್ಟ ಹಣ ನಮ್ಮವರ ಕೈಗೆ ಬರುವುದಿಲ್ಲ. ನಮ್ಮ ಕಚ್ಚಾತೈಲದ ಬಹುಪಾಲು ಆಮದಾಗುತ್ತದೆ. ಅದರ ಬೆಲೆ ಏರಿದಾಗ ಅಷ್ಟೇ ತೈಲಕ್ಕೆ ನಾವು ಹೆಚ್ಚು ಸರಕನ್ನೋ ದುಡಿಮೆಯನ್ನೋ ಹೊರಗೆ ಕಳಿಸಬೇಕಾಗುತ್ತದೆ. ಆಗ ದೇಶ ಒಟ್ಟಾಗಿಯೇ ಸ್ವಲ್ಪ ಬಡವಾಗುತ್ತದೆ. ನಿನ್ನ ವಾಕ್ಯ ನಿಜಕ್ಕೆ ಅತಿ ಹತ್ತಿರ ಬರುವುದು ಇಲ್ಲಿ.

ಇಲ್ಲಿಯವರೆಗೆ ಒಂದೇ ಸರಕಿನ ಬೆಲೆಯ ಮಾತಾಯಿತು. ಟೊಮೇಟೊ ಏರಿದ ಮಾತ್ರಕ್ಕೆ ಹಣದುಬ್ಬರ ಎನ್ನಲಾಗದು. ಎಲ್ಲ ಸರಕುಗಳ ಬೆಲೆ ಒಟ್ಟಾಗಿ ಎಷ್ಟು ಏರಿತು ಎಂಬುದೇ ಹಣದುಬ್ಬರ. ಅದನ್ನು ಗ್ರಾಹಕ ಬೆಲೆ ಸೂಚ್ಯಂಕದಿಂದ ಅಳೆಯುತ್ತಾರೆ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡಿದ್ದ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳಿಗೆ ನೂರಕ್ಕೆ 45.86ರ ತೂಕ ಇತ್ತು. ಆದ್ದರಿಂದ ತರಕಾರಿ ಜಿಗಿದರೆ ಸೂಚ್ಯಂಕವೂ ಜಿಗಿಯುತ್ತಿತ್ತು. 2023ರ ಜುಲೈಯಲ್ಲಿ ಹಣದುಬ್ಬರ ಶೇ 7.44 ಎಂದು ಪ್ರಕಟವಾಯಿತು. ಅದಕ್ಕೆ ಹಿಂದಿನ ವರ್ಷದ ಜುಲೈಯಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನು ಸರಾಸರಿಯಲ್ಲಿ 107 ರೂಪಾಯಿ 44 ಪೈಸೆ ಆಯಿತು ಎಂದರ್ಥ. ಈ ಒಂದೇ ಅಂಕಿ ಹಿಡಿದುಕೊಂಡು ನಾಲ್ಕು ಮನೆಗಳ ಬಾಗಿಲಿಗೆ ಹೋಗೋಣ.

ಮೊದಲು ನರೇಗಾ ಕೂಲಿಯವರ ಮನೆ. ಕರ್ನಾಟಕದಲ್ಲಿ ದಿನಗೂಲಿ 2022-23ರಲ್ಲಿ 309 ರೂಪಾಯಿ ಇತ್ತು. 2023-24ಕ್ಕೆ 316 ಆಯಿತು. ಏಳು ರೂಪಾಯಿ ಜಾಸ್ತಿ, ಅಂದರೆ ಶೇ 2.3ರಷ್ಟು ಮಾತ್ರ. ಬೆಲೆಗಳು ಶೇ 7.44 ಏರಿದ್ದವು. 316ನ್ನು 1.0744ರಿಂದ ಭಾಗಿಸು: 294. ಹಿಂದಿನ ಜುಲೈಯ ಲೆಕ್ಕದಲ್ಲಿ ಹೇಳುವುದಾದರೆ 309 ರೂಪಾಯಿ ಪಡೆಯುತ್ತಿದ್ದವರು ಈಗ 294 ರೂಪಾಯಿ ಪಡೆದಂತೆ. ಕೈಗೆ ಬಂದ ನೋಟು ಹೆಚ್ಚು, ಅದರಿಂದ ಮನೆಗೆ ಬಂದ ಸಾಮಾನು ಕಡಿಮೆ. ನಗದು ಆದಾಯ, ನೈಜ ಆದಾಯ ಎಂಬ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾವ ವ್ಯಾಖ್ಯೆಯೂ ಹೇಳಲಾರದು. ಇವರು ನಿಜವಾಗಿ ಬಡವರಾದರು. ಸೂಚ್ಯಂಕ ತೋರಿಸುವುದಕ್ಕಿಂತಲೂ ಹೆಚ್ಚು ಬಡವರಾದರು ಎನ್ನಬೇಕು. ಏಕೆಂದರೆ ಅವರ ಖರ್ಚಿನಲ್ಲಿ ಊಟದ ಪಾಲು ಸರಾಸರಿಗಿಂತ ದೊಡ್ಡದು, ಆ ತಿಂಗಳು ಏರಿದ್ದು ಹೆಚ್ಚಾಗಿ ಊಟದ ಬೆಲೆಯೇ.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2024-25ಕ್ಕೆ ಅದೇ ಕೂಲಿ 349 ಆಯಿತು. 2024ರ ಜುಲೈಯಲ್ಲಿ ಹಣದುಬ್ಬರ ಶೇ 3.54ಕ್ಕೆ ಇಳಿದಿತ್ತು. ಎರಡು ವರ್ಷವನ್ನು ಒಟ್ಟಿಗೆ ನೋಡಿದರೆ ಬೆಲೆಗಳು ಶೇ 11ರಷ್ಟು ಏರಿದವು, ಕೂಲಿ ಶೇ 13ರಷ್ಟು ಏರಿತು. ಎರಡನೆಯ ವರ್ಷದ ಹೊತ್ತಿಗೆ ಕೂಲಿ ಬೆಲೆಯನ್ನು ಹಿಂದೆ ಹಾಕಿತ್ತು. ಹಾಗೆಂದು ಮೊದಲನೆಯ ವರ್ಷ ಕಳೆದುಕೊಂಡದ್ದು ವಾಪಸು ಬರಲಿಲ್ಲ. ಆ ಜುಲೈಯ ಸಾರಿಗೆ ಈ ಜುಲೈಯಲ್ಲಿ ಟೊಮೇಟೊ ಹಾಕಲಾಗುವುದಿಲ್ಲ. ಬೆಲೆ ಏರಿಕೆಯಲ್ಲಿ ಕೂಲಿಯವರ ನಷ್ಟವೆಲ್ಲ ಹೆಚ್ಚಾಗಿ ಈ ನಡುವಿನ ಕಾಲದಲ್ಲಿ ಕೂತಿರುತ್ತದೆ: ಬೆಲೆ ಮೊದಲು ಓಡುತ್ತದೆ, ಕೂಲಿ ಆಮೇಲೆ ನಡೆದುಕೊಂಡು ಬರುತ್ತದೆ. ಎಷ್ಟು ತಿಂಗಳು ತಡ ಎಂದು ಕೇಳುವುದು ಬೆಲೆ ಎಷ್ಟು ಏರಿತು ಎಂದು ಕೇಳುವಷ್ಟೇ ಮುಖ್ಯ.

ಎರಡನೆಯದು ನನ್ನದೇ ಮನೆ. ಸಂಬಳದ ಜೊತೆ ನನಗೆ ತುಟ್ಟಿಭತ್ಯೆ ಇದೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಏರಿದಂತೆ ಜನವರಿಗೊಮ್ಮೆ, ಜುಲೈಗೊಮ್ಮೆ ಭತ್ಯೆಯೂ ಏರಬೇಕೆಂಬುದು ಪದ್ಧತಿ. ಆದೇಶ ಬರುವುದು ತಡವಾಗುತ್ತದೆ. ಬಂದಾಗ ಬಾಕಿ ಸೇರಿಸಿ ಕೊಡುತ್ತಾರೆ. ಅದೂ ಪ್ರಕೃತಿನಿಯಮವೇನಲ್ಲ: ಕೊರೋನಾ ಕಾಲದಲ್ಲಿ ಕೇಂದ್ರ ನೌಕರರ ಮೂರು ಕಂತುಗಳನ್ನು ತಡೆಹಿಡಿದಿದ್ದರು. ಏನೇ ಇರಲಿ, ಟೊಮೇಟೊ ನೂರು ದಾಟಿದ ತಿಂಗಳು ಸಹೋದ್ಯೋಗಿಗಳೊಂದಿಗೆ ನಾನೂ ಊಟದ ವೇಳೆ ಬೆಲೆಯನ್ನು ಬೈದೆ. ಆದರೆ ವರ್ಷದ ಲೆಕ್ಕದಲ್ಲಿ ನಾನು ಕಳೆದುಕೊಂಡದ್ದು ಅತ್ಯಲ್ಪ. ಸ್ಟಾಫ್ ರೂಮಿನಲ್ಲಿ ಕುಳಿತು ‘ಎಲ್ಲರೂ ಬಡವರಾದೆವು’ ಎಂದು ಹೇಳುವವರಲ್ಲಿ ಹೆಚ್ಚಿನವರು ಭತ್ಯೆ ಇರುವವರೇ ಎಂಬುದು ನಾನು ತಡವಾಗಿ ಗಮನಿಸಿದ ಸಂಗತಿ.

ಮೂರನೆಯದು ಸಾಲಗಾರರ ಮನೆ. ನಿನ್ನ ವಿದ್ಯಾರ್ಥಿನಿಯ ಅಪ್ಪ ಸಹಕಾರ ಸಂಘದಲ್ಲಿ 3 ಲಕ್ಷ ಬಡ್ಡಿರಹಿತ ಬೆಳೆಸಾಲ ಪಡೆದಿದ್ದರೆನ್ನೋಣ. ಸಾಲದ ಪತ್ರದಲ್ಲಿ ಬರೆದಿರುವುದು ರೂಪಾಯಿಯ ಅಂಕಿ. ರಾಗಿಯ ಮೂಟೆಯೂ ಅಲ್ಲ, ಟೊಮೇಟೊ ಬಾಕ್ಸೂ ಅಲ್ಲ. ಎಲ್ಲ ಬೆಲೆಗಳು ಶೇ 7.44 ಏರಿದ ವರ್ಷದ ಕೊನೆಯಲ್ಲಿ ಅವರು ಹಿಂತಿರುಗಿಸುವ 3 ಲಕ್ಷ, ಸಾಲ ಪಡೆದಾಗಿನ ಲೆಕ್ಕದಲ್ಲಿ ಸುಮಾರು 2 ಲಕ್ಷ 79 ಸಾವಿರಕ್ಕೆ ಸಮ. ಏನೂ ಮಾಡದೆ ಸಾಲದ ಭಾರ 21 ಸಾವಿರದಷ್ಟು ಕರಗಿತು. ಟೊಮೇಟೊ ಲೆಕ್ಕದಲ್ಲಿ ನೋಡಿದರಂತೂ ಬೆರಗಾಗುತ್ತದೆ. ಬಾಕ್ಸಿಗೆ 200 ಇದ್ದಾಗ ಆ ಸಾಲ ತೀರಿಸಲು 1,500 ಬಾಕ್ಸು ಬೇಕು; 1,200 ಇದ್ದಾಗ 250 ಸಾಕು. ಬೆಲೆ 100ಕ್ಕೆ ಕುಸಿದರೆ 3,000 ಬಾಕ್ಸು, ಅಂದರೆ ಅವರ ಒಂದೂವರೆ ಎಕರೆಯ ಬೆಳೆ. ‘ಹಾಗಾದರೆ ಬೆಲೆ ಇಳಿದರೆ ಒಳ್ಳೆಯದಲ್ಲವೇ ಸಾರ್?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ ಈ ಮೂರು ಅಂಕಿಗಳನ್ನು ಹಲಗೆಯ ಮೇಲೆ ಇಟ್ಟು ಸುಮ್ಮನೆ ನಿಲ್ಲು.

ಆದರೆ ಇದನ್ನು ‘ಸಾಲಗಾರನಿಗೆ ಹಣದುಬ್ಬರ ವರ’ ಎಂದು ಬರೆಸಿಬಿಡಬೇಡ. ಗೈಡುಗಳಲ್ಲಿ ಹಾಗೇ ಇರುತ್ತದೆ. ಸಾಲಗಾರನ ಆದಾಯವೂ ಬೆಲೆಯ ಜೊತೆ ಏರಿದರೆ ಮಾತ್ರ ಭಾರ ಇಳಿಯುತ್ತದೆ. ಕೂಲಿ ಏರದ ಮನೆಯಲ್ಲಿ ಸಾಲ ಹಾಗೇ ಇರುತ್ತದೆ, ಊಟದ ಖರ್ಚು ಏರಿ ಕಂತಿಗೇ ಹಣ ಉಳಿಯುವುದಿಲ್ಲ. ಬಡ್ಡಿಯೂ ಮುಖ್ಯ. ಕೈಸಾಲ ಕೊಡುವವನು ತಿಂಗಳಿಗೆ ನೂರಕ್ಕೆ ಎರಡರಂತೆ ವರ್ಷಕ್ಕೆ 24 ವಸೂಲು ಮಾಡುತ್ತಾನೆ. ಅವನ ಸಾಲ ಪಡೆದವನಿಗೆ ಶೇ 7ರ ಹಣದುಬ್ಬರದಿಂದ ಏನು ಸಮಾಧಾನ? ರೋಗ ಬಿದ್ದ ತೋಟದವರು ಇಂಥ ಕಡೆಯೇ ಹೋಗಿರುತ್ತಾರೆ.

ನಾಲ್ಕನೆಯ ಮನೆ ನಿನ್ನದು, ಮಂಜು. ಅದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಚಿಕ್ಕಪ್ಪ ಖಾಸಗಿ ಕಾರ್ಖಾನೆಯಲ್ಲಿ ದುಡಿದವರು. ಅವರಿಗೆ ಬರುವುದು ನೌಕರರ ಭವಿಷ್ಯನಿಧಿಯ ಪಿಂಚಣಿ. ಅದರ ಕನಿಷ್ಠ ಮೊತ್ತವನ್ನು 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದರು; ಚಿಕ್ಕಪ್ಪನಿಗೆ ಬರುವುದೂ ಅಷ್ಟೇ. ಅದಕ್ಕೆ ತುಟ್ಟಿಭತ್ಯೆಯಿಲ್ಲ. 2014ರಿಂದ 2023ರ ಹೊತ್ತಿಗೆ ಸೂಚ್ಯಂಕ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಅಂದರೆ 2023ರಲ್ಲಿ ಅವರ ಕೈಗೆ ಬಂದ 1,000 ರೂಪಾಯಿ, ಮೊದಲು ಬಂದ 1,000ದ ಲೆಕ್ಕದಲ್ಲಿ 650–670 ರೂಪಾಯಿ. ಯಾರೂ ಅವರಿಂದ ಕಿತ್ತುಕೊಳ್ಳಲಿಲ್ಲ, ಪಾಸ್‌ಬುಕ್ಕಿನಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ. ಅದೇ ಇದರ ಕ್ರೂರತನ. ಸಂಬಳ ಕಡಿತವಾದರೆ ಮನುಷ್ಯ ಜಗಳವಾಡುತ್ತಾನೆ. ಇದರ ವಿರುದ್ಧ ಜಗಳವಾಡಲು ಯಾರ ಹತ್ತಿರ ಹೋಗಬೇಕೆಂದೇ ತಿಳಿಯುವುದಿಲ್ಲ.

ಅವರ ಠೇವಣಿಯ ಲೆಕ್ಕವನ್ನೂ ನೋಡು. ನಿವೃತ್ತಿಯಾದಾಗ ಬಂದ 4 ಲಕ್ಷವನ್ನು ಬ್ಯಾಂಕಿನಲ್ಲಿಟ್ಟಿದ್ದಾರೆ. ಬಡ್ಡಿ ಶೇ 6 ಎನ್ನೋಣ: ವರ್ಷಕ್ಕೆ 24 ಸಾವಿರ. ‘ಅಸಲು ಮುಟ್ಟಿಲ್ಲ, ಬಡ್ಡಿಯಲ್ಲೇ ಕಳೆಯುತ್ತಿದ್ದೇನೆ’ ಎಂದು ಚಿಕ್ಕಪ್ಪ ಹೆಮ್ಮೆಯಿಂದ ಹೇಳುತ್ತಾರಲ್ಲ? ಶೇ 7.44 ಬೆಲೆ ಏರಿದ ವರ್ಷದಲ್ಲಿ ಅವರು ಬಡ್ಡಿಯ ಒಂದು ಪೈಸೆಯನ್ನೂ ತೆಗೆಯದೆ ಇಟ್ಟಿದ್ದರೂ, ವರ್ಷದ ಕೊನೆಯ 4 ಲಕ್ಷ 24 ಸಾವಿರ ಹಿಂದಿನ ಜುಲೈಯ 3 ಲಕ್ಷ 94 ಸಾವಿರದಷ್ಟು ಸಾಮಾನನ್ನೇ ತರುತ್ತಿತ್ತು. ಬಡ್ಡಿ ಖರ್ಚು ಮಾಡಿದ್ದರಿಂದ ಅದು 3 ಲಕ್ಷ 72 ಸಾವಿರಕ್ಕೆ ಇಳಿಯಿತು. ಅವರು ಅಸಲನ್ನೇ ತಿನ್ನುತ್ತಿದ್ದಾರೆ, ಆದರೆ ಅದು ಅವರಿಗೆ ಕಾಣುವುದಿಲ್ಲ. ಅವರಂಥ ಸಾವಿರಾರು ಜನರ ಠೇವಣಿಯೇ ಬ್ಯಾಂಕಿನಿಂದ ಸಾಲವಾಗಿ ಇನ್ನೊಂದು ಬಾಗಿಲಿನಿಂದ ಹೋಗುತ್ತದೆ. ಮನೆ ಕಟ್ಟಲು ಹಳೆಯ ಕಡಿಮೆ ಬಡ್ಡಿಗೆ ಸಾಲ ಪಡೆದ ನನ್ನಂಥವರ ಭಾರ ಇಳಿದಷ್ಟು, ಚಿಕ್ಕಪ್ಪನಂಥವರ ಉಳಿತಾಯ ಕರಗುತ್ತದೆ. ಲೆಕ್ಕ ಹಾಕುತ್ತ ಹೋದಾಗ ನಮ್ಮಿಬ್ಬರ ಮನೆಗಳು ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂತಿರುವುದು ಕಂಡು ನನಗೆ ಒಂದು ಕ್ಷಣ ಪೆನ್ನು ಮುಂದೆ ಹೋಗಲಿಲ್ಲ.

ಹಬ್ಬದಲ್ಲಿ ಚಿಕ್ಕಪ್ಪ ‘ಆ ಕಾಲದಲ್ಲಿ ಐದು ರೂಪಾಯಿಗೆ ಕೈಚೀಲ ತುಂಬ ತರಕಾರಿ ಬರುತ್ತಿತ್ತು, ಈಗ ಎಲ್ಲರೂ ಬಡವರೇ’ ಎಂದಾಗ ನೀನು ನಗುತ್ತಿದ್ದೆ. ಆ ಕಾಲದ ದಿನಗೂಲಿ ಎಷ್ಟಿತ್ತು ಎಂದು ಕೇಳಿದರೆ ಅವರ ವಾದ ಬಿದ್ದುಹೋಗುತ್ತದೆ, ನಿಜ. ಬೆಲೆಯನ್ನು ಕೂಲಿಯ ಪಕ್ಕದಲ್ಲಿಟ್ಟು ನೋಡದೆ ಯಾವ ಕಾಲದ ಬಗ್ಗೆಯೂ ಹೇಳಲಾಗದು. ಆದರೆ ‘ಎಲ್ಲರೂ’ ಎಂಬ ಪದವನ್ನು ತೆಗೆದು ‘ನಾನು’ ಎಂದು ಹಾಕಿದರೆ ಅವರು ಹೇಳುವುದು ಅಕ್ಷರಶಃ ಸತ್ಯ.

ನಿನ್ನ ಚಾರ್ಟಿನ ಬಗ್ಗೆ ಒಂದು ಮಾತು. 1923ರ ಜರ್ಮನಿಯ ನೋಟಿನ ಕಂತೆಗಳ ಚಿತ್ರ ಅಂಟಿಸಿದ್ದೀಯ. ಮಕ್ಕಳಿಗೆ ಅದು ಇಷ್ಟವಾಗುತ್ತದೆ, ಆ ವರ್ಷದ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತೆಂದರೆ ಬಾಯಿ ತೆರೆದು ನೋಡುತ್ತಾರೆ. ಆದರೆ ಹಣವೇ ಹಣವಾಗಿ ಕೆಲಸ ಮಾಡುವುದನ್ನು ಬಿಟ್ಟ ಸ್ಥಿತಿ ಅದು. ಅದರಿಂದ ಪಾಠ ಆರಂಭಿಸಿದರೆ ಶೇ 5, ಶೇ 7ರ ಏರಿಕೆಯನ್ನೂ ಮಕ್ಕಳು ಅದೇ ಕಣ್ಣಿನಿಂದ ನೋಡುತ್ತಾರೆ. ಇಟ್ಟುಕೊಳ್ಳಲೇಬೇಕೆಂದರೆ, ಅಲ್ಲಿಯೂ ಹಳೆಯ ಮನೆಸಾಲ ಇದ್ದವರು ಕವಡೆ ಕಾಸಿಗೆ ಋಣಮುಕ್ತರಾದರು, ಉಳಿತಾಯ ಇಟ್ಟವರು ಬರಿಗೈಯಾದರು ಎಂಬುದನ್ನು ಸೇರಿಸು. ಅಂಥ ಪ್ರಳಯದಲ್ಲಿಯೂ ಎಲ್ಲರಿಗೂ ಒಂದೇ ಗತಿಯಾಗಲಿಲ್ಲ.

ಇನ್ನೊಂದು ತಪ್ಪು ನಿನ್ನ ಮೌಲ್ಯಮಾಪನದ ಪ್ರಶ್ನೆಯಲ್ಲಿದೆ. ‘ಹಣದುಬ್ಬರ ಶೇ 7ರಿಂದ ಶೇ 5ಕ್ಕೆ ಇಳಿದರೆ ಬೆಲೆಗಳು ಇಳಿಯುತ್ತವೆ – ಸರಿ/ತಪ್ಪು’ ಎಂದು ಕೇಳಿ, ಉತ್ತರಸೂಚಿಯಲ್ಲಿ ‘ಸರಿ’ ಎಂದು ಬರೆದಿದ್ದೀಯ. ಬೆಲೆಗಳು ಇಳಿಯುವುದಿಲ್ಲ, ಏರುವ ವೇಗ ಇಳಿಯುತ್ತದೆ. ಇಳಿದ ಮೇಲೂ 107 ರೂಪಾಯಿಯ ಸಾಮಾನು ಮುಂದಿನ ವರ್ಷ 112 ರೂಪಾಯಿಯ ಮೇಲೆಯೇ ಇರುತ್ತದೆ. ಚಿಕ್ಕಪ್ಪನ ಪಿಂಚಣಿ ಆಗಲೂ ಕರಗುತ್ತಲೇ ಇರುತ್ತದೆ, ಸ್ವಲ್ಪ ನಿಧಾನವಾಗಿ. ವೀಕ್ಷಕರ ಕಣ್ಣಿಗೆ ಬೀಳುವ ಮೊದಲು ತಿದ್ದಿಕೊ.

ನಾಳಿದ್ದು ಪಾಠ ಮುಂದುವರಿಸುವಾಗ ಆ ಮೂವರನ್ನೇ ಮೊದಲು ಮಾತಾಡಿಸು. ಹಿಂದಿನ ಬೆಂಚಿನ ಹುಡುಗನನ್ನು ಮಾತ್ರ ಮನೆಯ ನಷ್ಟದ ಬಗ್ಗೆ ಮತ್ತೆ ಕೆದಕಬೇಡ. ಅವನಷ್ಟಕ್ಕೆ ಅವನು ಹೇಳಿದರೆ ಕೇಳು. ಹಲಗೆಯ ಮೇಲೆ ನಾಲ್ಕು ಮನೆಗಳ ಕೋಷ್ಟಕ ಬರೆ. ಪ್ರತಿ ಮನೆಗೂ ಮೂರೇ ಪ್ರಶ್ನೆ ಸಾಕು: ಇವರ ಆದಾಯ ಬೆಲೆಯ ಜೊತೆ ಏರುತ್ತದೆಯೇ, ಏರಿದರೆ ಎಷ್ಟು ತಿಂಗಳು ತಡವಾಗಿ? ಇವರ ಕೈಯಲ್ಲಿ ಮಾರಲು ಏನಿದೆ? ಇವರು ಸಾಲ ಕೊಟ್ಟವರೋ, ಪಡೆದವರೋ? ಭಾಗಾಕಾರವನ್ನು ಮಕ್ಕಳಿಂದಲೇ ಮಾಡಿಸು. 316ನ್ನು 1.0744ರಿಂದ ಭಾಗಿಸಿದಾಗ ಉತ್ತರ 309ಕ್ಕಿಂತ ಕಡಿಮೆ ಬಂದದ್ದು ನೋಡಿ ಒಬ್ಬಿಬ್ಬರಾದರೂ ‘ಲೆಕ್ಕ ತಪ್ಪಾಯ್ತು ಸಾರ್’ ಅನ್ನುತ್ತಾರೆ. ಆ ಕ್ಷಣಕ್ಕಾಗಿ ಕಾದುಕೊಂಡಿರು.

ನಾಲ್ಕನೆಯ ಮನೆಗೆ ಚಿಕ್ಕಪ್ಪನ ಹೆಸರು ಹಾಕಬೇಡ, ‘ಒಬ್ಬ ಪಿಂಚಣಿದಾರರು’ ಎಂದಷ್ಟೇ ಬರೆ. ಈ ಪತ್ರವನ್ನು ಅವರಿಗೆ ಓದಿ ಹೇಳುವುದೂ ಬೇಡ. ಅವರ ಠೇವಣಿ ಯಾವಾಗ ಮುಗಿಯುತ್ತದೆಂದು ಮಾತ್ರ ನೋಡಿ ತಿಳಿಸು. ನವೀಕರಿಸುವ ಮೊದಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿಯನ್ನೂ ಒಮ್ಮೆ ವಿಚಾರಿಸೋಣ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಕ್ಕ